ಪಡುವಣ ಗೋಡೆಗೆ ಬಳ್ಳಿಯ ಪರದೆ

ಏಪ್ರಿಲ್ ತಿಂಗಳ ಕಲಬುರಗಿ. ಹೊತ್ತು ಮುಳುಗಿ ಮೂರು ತಾಸಾಗಿದೆ. ಅಂಗಳದಲ್ಲಿ ಸಣ್ಣಗೆ ಗಾಳಿ ಆಡತೊಡಗಿದ್ದರೂ ಮಲಗುವ ಕೋಣೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿದೆ. ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ, ರೊಟ್ಟಿ ಬೇಯಿಸಿ ಕೆಳಗಿಳಿಸಿದ ಹಂಚನ್ನು ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದ ಹಾಗೆ. ಪಕ್ಕದ ಕೋಣೆಯ ಪೂರ್ವದ ಗೋಡೆ ಆಗಲೇ ತಣ್ಣಗಾಗಿದೆ. ಒಂದೇ ಇಟ್ಟಿಗೆ, ಒಂದೇ ಗಿಲಾವು, ಒಂದೇ ಬಣ್ಣ. ಆದರೂ ಒಂದು ಗೋಡೆ ನಿದ್ದೆ ಕೊಡುತ್ತದೆ, ಇನ್ನೊಂದು ಕೆಡಿಸುತ್ತದೆ.

ಇಟ್ಟಿಗೆ ಗೋಡೆಗೆ ಬಿಸಿಲಿನ ಕಾವು ದಾಟಲು ಸಮಯ ಹಿಡಿಯುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊರಮೈ ಸಂಜೆ ನಾಲ್ಕಕ್ಕೆ ಕಾದರೆ, ಆ ಕಾವು ಒಳಮೈಗೆ ಬಂದು ಮುಟ್ಟುವುದು ಆರೇಳು ತಾಸಿನ ಮೇಲೆ, ಅಂದರೆ ಮನೆಮಂದಿ ಮಲಗುವ ಹೊತ್ತಿಗೆ ಸರಿಯಾಗಿ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಇದು ಇನ್ನೂ ಬೇಗ. ಹಳೆಯ ವಾಡೆಗಳ ಎರಡು ಅಡಿ ದಪ್ಪದ ಕಲ್ಲುಗೋಡೆಗಳು ಈ ಕಾವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬೆಳಗಿನ ತಂಪಿಗೆ ಬಿಟ್ಟುಬಿಡುತ್ತಿದ್ದವು. ಇಂದಿನ ಮನೆಗಳಿಗೆ ಆ ದಪ್ಪ ಇಲ್ಲ. ಸಾಲದ್ದಕ್ಕೆ, ವಾಸ್ತುವಿನ ಲೆಕ್ಕದಲ್ಲಿ ಯಜಮಾನರ ಮಲಗುವ ಕೋಣೆ ನೈಋತ್ಯ ಮೂಲೆಯಲ್ಲೇ ಇರಬೇಕು. ಹಾಗಾಗಿ ಮನೆಯಲ್ಲಿ ಅತಿ ಹೆಚ್ಚು ಕಾಯುವ ಗೋಡೆಯ ಪಕ್ಕದಲ್ಲೇ ಮಂಚ ಬೀಳುತ್ತದೆ.

ಸಜ್ಜೆ ಇದೆಯಲ್ಲ ಎನ್ನಬಹುದು. ಸಜ್ಜೆ ತಡೆಯುವುದು ನೆತ್ತಿಯ ಬಿಸಿಲನ್ನು. ಪಶ್ಚಿಮದ ಬಿಸಿಲು ಓರೆಯಾಗಿ ಬಂದು ಗೋಡೆಗೆ ನೇರ ಬಡಿಯುತ್ತದೆ. ಏಪ್ರಿಲ್ ಕೊನೆಯ ವಾರ ಕಲಬುರಗಿಯಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ದಿಗಂತದಿಂದ ಸುಮಾರು 38 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಎರಡು ಅಡಿ ಚಾಚಿದ ಸಜ್ಜೆಯ ನೆರಳು ಗೋಡೆಯ ಮೇಲೆ ಒಂದೂವರೆ ಅಡಿ ಇಳಿಯುತ್ತದೆ. ಐದು ಗಂಟೆಗೆ ಆ ನೆರಳು ಒಂದು ಅಡಿಯೂ ಇರುವುದಿಲ್ಲ. ಅದರ ಕೆಳಗಿನ ಗೋಡೆಯೆಲ್ಲ ಆರೂವರೆಯವರೆಗೆ ಬಿಸಿಲಿನಲ್ಲೇ ನಿಂತಿರುತ್ತದೆ. ಪಶ್ಚಿಮಕ್ಕೆ ಬೇಕಾದದ್ದು ಮೇಲಿನ ಕೊಡೆಯಲ್ಲ, ಎದುರಿಗೆ ನಿಲ್ಲುವ ಪರದೆ.

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದು ಹೆಚ್ಚುಕಡಿಮೆ ಹದಿನೆಂಟೂವರೆ ಚದರ ಮೀಟರ್. ಬೇಸಿಗೆಯ ಮೋಡವಿಲ್ಲದ ಒಂದು ದಿನ ಪಶ್ಚಿಮದ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಬಿಸಿಲನ್ನು ಕರೆಂಟಿನ ಭಾಷೆಯಲ್ಲಿ ಹೇಳಿದರೆ ಸುಮಾರು 3 ಯೂನಿಟ್. ಇಡೀ ಗೋಡೆಗೆ 55 ಯೂನಿಟ್‌ನಷ್ಟು. ನಡುಬಣ್ಣದ ಗೋಡೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ಹೀರಿದ್ದರಲ್ಲಿ ಬಹುಪಾಲು ಮತ್ತೆ ಹೊರಗಿನ ಗಾಳಿಗೇ ಹೋಗಿ, ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ನುಸುಳುತ್ತದೆ. ಆ ಒಂದು ಪಾಲೇ ಮೂರು ಯೂನಿಟ್ ಆಗುತ್ತದೆ. ಒಂದು ಕಿಲೋವ್ಯಾಟಿನ ಹೀಟರನ್ನು ಮಲಗುವ ಕೋಣೆಯಲ್ಲಿ ಮೂರು ತಾಸು ಉರಿಸಿದ್ದಕ್ಕೆ ಇದು ಸಮ. ಅಂದಾಜಿನ ಲೆಕ್ಕವಾದರೂ ಗೋಡೆಯ ಮುಂದೆ ಎಲೆ ನಿಲ್ಲಿಸುವುದರಿಂದ ಏನು ಸಿಕ್ಕೀತು ಎಂಬುದು ಇದರಿಂದ ತಿಳಿಯುತ್ತದೆ. ದಟ್ಟವಾದ ಬಳ್ಳಿ ನಾಲ್ಕರಲ್ಲಿ ಮೂರು ಪಾಲು ಬಿಸಿಲನ್ನು ತಡೆದರೆ ಆ ಹೀಟರು ಮೂರು ತಾಸಿನ ಬದಲು ಮುಕ್ಕಾಲು ತಾಸು ಉರಿದಂತೆ.

ಬಟ್ಟೆ, ತಗಡು ಕೂಡ ನೆರಳು ಕೊಡುತ್ತವೆ. ಆದರೆ ಬಿಸಿಲಿಗೆ ಒಡ್ಡಿದ ತಗಡು ತಾನೇ ಕಾದು ಗೋಡೆಯ ಕಡೆಗೆ ಕಾವು ಬೀರುತ್ತದೆ. ನೀರು ಕುಡಿದ ಎಲೆ ಹಾಗೆ ಕಾಯುವುದಿಲ್ಲ. ಅದು ಬೆವರುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಮುಕ್ಕಾಲು ಯೂನಿಟ್‌ಗೆ ತುಸು ಕಡಿಮೆಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಹೀಗಾಗಿ ಬರಿಯ ಗೋಡೆಯ ಮೈ 50 ಡಿಗ್ರಿ ದಾಟುವ ಹೊತ್ತಿನಲ್ಲೂ ಅದರ ಮುಂದಿನ ಎಲೆ ಗಾಳಿಯ ಬಿಸಿಯ ಆಸುಪಾಸಿನಲ್ಲೇ ಇರುತ್ತದೆ. ಸಿಂಗಪುರದ ಹಾರ್ಟ್‌ಪಾರ್ಕ್ ಎಂಬ ಉದ್ಯಾನದಲ್ಲಿ ಕಾಂಕ್ರೀಟ್ ಗೋಡೆಗಳ ಮುಂದೆ ಎಂಟು ಬಗೆಯ ಹಸಿರು ಹೊದಿಕೆಗಳನ್ನು ನಿಲ್ಲಿಸಿ ಅಳೆದ ವಿಜ್ಞಾನಿಗಳು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರಿಗೋಡೆಗೂ ಹಸಿರು ಹೊದ್ದ ಗೋಡೆಗೂ ಮೈಯ ಬಿಸಿಯಲ್ಲಿ ಕಂಡ ಅತಿ ಹೆಚ್ಚಿನ ವ್ಯತ್ಯಾಸ 11 ಡಿಗ್ರಿ ಮೀರಿತ್ತು. ಇದು ಗೋಡೆಯ ಹೊರಮೈಯ ಮಾತು. ಕೋಣೆಯ ಗಾಳಿ 11 ಡಿಗ್ರಿ ತಣ್ಣಗಾಯಿತೆಂದು ಯಾರೂ ಓದಿಕೊಳ್ಳಬಾರದು.

ಇಲ್ಲಿ ಒಂದು ಮಾತು ಮೊದಲೇ ಆಗಬೇಕು. ಮೇಲೆ ಬರಿಯ ಆರ್‌ಸಿಸಿ ಮಾಳಿಗೆ ಇದ್ದರೆ ಮೊದಲ ಖರ್ಚು ಮಾಳಿಗೆಗೆ. ಬೇಸಿಗೆಯ ಬಿಸಿಲು ಎಲ್ಲಕ್ಕಿಂತ ಹೆಚ್ಚು ಬೀಳುವುದು ಅಲ್ಲಿಯೇ. ಮಾಳಿಗೆಗೆ ಬಿಳಿ ಬಳಿದು, ಕಡುಬಣ್ಣದ ಪಶ್ಚಿಮ ಗೋಡೆಗೂ ಬಿಳಿ ಹಚ್ಚಿದರೆ ಅರ್ಧ ಕೆಲಸ ಕುಂಚದಲ್ಲೇ ಮುಗಿದಿರುತ್ತದೆ. ಕೆಳಮಹಡಿಯ ಕೋಣೆಗೆ ಮಾಳಿಗೆಯ ಕಾಟ ಇರುವುದಿಲ್ಲ, ಗೋಡೆಯದೇ ಕಾಟ. ಬಳ್ಳಿಯ ಫಲ ಹೆಚ್ಚು ಸಿಗುವುದು ಅಂಥ ಕೋಣೆಗಳಿಗೆ.

ಹಾಗಾದರೆ ಗೋಡೆಯ ಬುಡದಲ್ಲಿ ಒಂದು ಬಳ್ಳಿ ನೆಟ್ಟುಬಿಟ್ಟರೆ ಆಯಿತೇ? ಗಿಲಾವು ಹಾಳಾಗುವ ಕತೆ ಶುರುವಾಗುವುದು ಅಲ್ಲಿಂದಲೇ.

ಬಳ್ಳಿಗಳೆಲ್ಲ ಒಂದೇ ರೀತಿ ಹತ್ತುವುದಿಲ್ಲ. ಮಧುಮಾಲತಿ, ಶಂಖಪುಷ್ಪ, ಬಸಳೆಯಂಥವು ಆಸರೆಗೆ ಸುತ್ತಿಕೊಂಡು ಮೇಲೇರುತ್ತವೆ. ಹೀರೆ, ಹಾಗಲ, ತೊಂಡೆ ಕುಡಿಚಾಚಿ ಹಿಡಿಯುತ್ತವೆ. ಕಾಗದದ ಹೂವಿನ ಬೋಗನ್‌ವಿಲ್ಲಾ ಮುಳ್ಳು ಸಿಕ್ಕಿಸಿಕೊಂಡು ಒರಗುತ್ತದೆ, ಅದನ್ನು ಕಟ್ಟಲೇಬೇಕು. ಇವುಗಳಲ್ಲಿ ಯಾವುದಕ್ಕೂ ನುಣ್ಣನೆಯ ಗೋಡೆ ಹತ್ತಲು ಬಾರದು. ತಂತಿಯೋ ಕೋಲೋ ಕೊಡಬೇಕು. ಇನ್ನೊಂದು ಜಾತಿ ಗೋಡೆಗೇ ಅಂಟುತ್ತದೆ. ಬೆಂಗಳೂರಿನ ಎಷ್ಟೋ ಕಾಂಪೌಂಡುಗಳ ಮೇಲೆ ಹಸಿರು ಬಣ್ಣ ಬಳಿದಂತೆ ಹಬ್ಬಿರುವ ಪುಟ್ಟ ಎಲೆಯ ಫೈಕಸ್ ಬಳ್ಳಿ ಈ ಜಾತಿಯದು. ಅದು ಅತ್ತಿ, ಆಲಗಳ ಬಳಗಕ್ಕೆ ಸೇರಿದ್ದು.

ಈ ಬಳ್ಳಿ ಹೇಗೆ ಅಂಟುತ್ತದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಕುತೂಹಲದಿಂದ ನೋಡಿದ್ದ. ಬಳ್ಳಿಗಳ ಚಲನೆಯ ಬಗ್ಗೆ 1865ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಇದರ ಪ್ರಯೋಗವಿದೆ. ಬಳ್ಳಿಯ ಎಳೆಬೇರುಗಳನ್ನು ಗಾಜಿನ ಚೂರಿಗೆ ಮೆಲ್ಲಗೆ ಒತ್ತಿಟ್ಟು ಕಾದಾಗ ಬೇರಿನಿಂದ ತಿಳಿಯಾದ, ತುಸು ಅಂಟಾದ ಹನಿಗಳು ಒಸರಿದವು. ದಿನ ಕಳೆದಂತೆ ಹನಿಯ ನೀರಂಶ ಹೋಗಿ, ಉಳಿದದ್ದು ರಬ್ಬರಿನಂಥ ಅಂಟಾಯಿತು. ಅಂದರೆ ಈ ಬಳ್ಳಿಗೆ ಬಿರುಕೇ ಬೇಕೆಂದಿಲ್ಲ. ತನ್ನ ಗೋಂದನ್ನು ತಾನೇ ತಯಾರಿಸಿಕೊಂಡು ಗಾಜಿಗೂ ಅಂಟುತ್ತದೆ.

ಆ ಅಂಟು ಗಟ್ಟಿ ಎಂಬುದೇ ಗಿಲಾವಿಗೆ ಮುಳುವು. ಬಳ್ಳಿ ಬಣ್ಣವನ್ನು ಹಿಡಿದಿರುತ್ತದೆ, ಬಣ್ಣ ಗಿಲಾವನ್ನು, ಗಿಲಾವು ಇಟ್ಟಿಗೆಯನ್ನು. ಎಂದೋ ಒಂದು ದಿನ ಬಣ್ಣ ಹೊಡೆಸಬೇಕೆಂದು ಬಳ್ಳಿಯನ್ನು ಜಗ್ಗಿದಾಗ ಈ ಮೂರರಲ್ಲಿ ಯಾವ ಹಿಡಿತ ಸಡಿಲವೋ ಅದು ಬಿಡುತ್ತದೆ. ಬಣ್ಣದ್ದು ಸಡಿಲವಿದ್ದರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕ್ಯೂರಿಂಗ್ ಸರಿಯಾಗಿ ಆಗದೆ ಗಿಲಾವೇ ಪೊಳ್ಳಾಗಿದ್ದರೆ ಅಂಗೈಯಗಲದ ಬಿಲ್ಲೆಗಳು ಬಳ್ಳಿಯ ಜೊತೆಗೇ ಉದುರುತ್ತವೆ. ಎರಡೂ ಗಟ್ಟಿಯಿದ್ದರೆ ಬಳ್ಳಿ ಮಾತ್ರ ಕಿತ್ತು, ಗೋಡೆಯ ತುಂಬ ಇರುವೆ ಸಾಲಿನಂಥ ಕಂದು ಬೇರಿನ ಗುರುತುಗಳು ಉಳಿಯುತ್ತವೆ. ಅವುಗಳ ಮೇಲೆ ಬಣ್ಣ ಹೊಡೆದರೂ ಮೈ ಒರಟಾಗಿಯೇ ಕಾಣುತ್ತದೆ.

ಬೇರು ಗೋಡೆಯನ್ನು ತಿಂದುಹಾಕುತ್ತದೆ ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಕಲ್ಲುಗೋಡೆಗಳ ಮೇಲಿನ ಐವಿ ಬಳ್ಳಿಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆದರ್ ವೈಲ್ಸ್ ಮತ್ತು ಅವರ ತಂಡ, ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ವರ್ಷಗಟ್ಟಲೆ ಅಭ್ಯಾಸ ಮಾಡಿತು. ಎಲೆಯ ಹೊದಿಕೆ ಗೋಡೆಯ ಮೇಲೆ ಬಿಸಿ-ತಂಪಿನ ಏರಿಳಿತವನ್ನು ತಗ್ಗಿಸಿ ಒಂದು ಬಗೆಯ ರಕ್ಷಣೆಯನ್ನೇ ಕೊಡುತ್ತದೆ. ಬೇರು ಒಳಗಿಳಿಯುವುದು ಮೊದಲೇ ಬಿರುಕು, ತೂತು ಇದ್ದಲ್ಲಿ ಮಾತ್ರ ಎಂಬುದು ಅವರು ಕಂಡುಕೊಂಡದ್ದು. ಇದು ತಂಪು ಸೀಮೆಯ ಕಲ್ಲುಗೋಡೆಯ ಮಾತು. ನಮ್ಮಲ್ಲಿ ಅದರಿಂದ ತೆಗೆದುಕೊಳ್ಳಬೇಕಾದದ್ದು ಕೊನೆಯ ಅಂಶವನ್ನು. ಬಿರುಕಿಲ್ಲದ ಗೋಡೆಯನ್ನು ಬಳ್ಳಿ ಸೀಳುವುದಿಲ್ಲ. ಬಿರುಕಿದ್ದರೆ ಒಳಗೆ ಕೂದಲಿನಂತೆ ಹೊಕ್ಕ ಬೇರು ವರ್ಷ ಕಳೆದಂತೆ ಬೆರಳಿನಷ್ಟಾಗಿ ಗಿಲಾವನ್ನು ಮೀಟುತ್ತದೆ.

ಗಿಲಾವು ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ಗೌಂಡಿಗಳು ಮಾಡುವ ಪರೀಕ್ಷೆ ಸುಲಭ. ಕರಣಿಯ ಮರದ ಹಿಡಿಯಿಂದ ಗೋಡೆಯನ್ನು ಗೇಣಿಗೊಂದು ಕಡೆ ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಬರುತ್ತದೆ. ಇಟ್ಟಿಗೆಯಿಂದ ಗಿಲಾವು ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬ ಬಡಿದಂತೆ ಡಬಡಬ ಎನ್ನುತ್ತದೆ. ಡಬಡಬ ಎಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದರೆ ಗೋಡೆಯ ಸ್ಥಿತಿ ಚಿತ್ರದಂತೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನು ಕೆತ್ತಿ ತೇಪೆ ಹಾಕಿಸಬಹುದು. ಮಣ್ಣಿನ ಗಾರೆಯ ಮೇಲಿನ ಹಳೆಯ ಸುಣ್ಣದ ಗಿಲಾವಿಗೆ, ಅಂಟಿಸಿದ ಟೈಲ್ಸ್ ಅಥವಾ ಕಲ್ಲಿನ ಬಿಲ್ಲೆಗಳ ಗೋಡೆಗೆ, ಈಗಷ್ಟೇ ದುಬಾರಿ ಹೊರಬಣ್ಣ ಹಚ್ಚಿಸಿದ ಗೋಡೆಗೆ ಅಂಟುಬಳ್ಳಿಯನ್ನು ಹತ್ತಿರವೂ ಸೇರಿಸಬಾರದು. ಕಾಂಪೌಂಡಿಗೆ, ಗಿಲಾವು ಮಾಡದ ಗಟ್ಟಿ ಕಲ್ಲಿನ ಗೋಡೆಗೆ ಅದು ಇರಲಿ. ಆದರೂ ಒಂದು ತೊಡಕಿದೆ: ಈ ಫೈಕಸ್‌ಗೆ ಬೆಂಗಳೂರಿನ ಹವೆ ಹಿಡಿಸಿದಂತೆ ಕಲಬುರಗಿಯ ಒಣಬಿಸಿಲು ಹಿಡಿಸುವುದಿಲ್ಲ. ಕಾದ ಗೋಡೆಗೆ ತಾಗಿಕೊಂಡ ಅದರ ತೆಳು ಎಲೆಗಳು ನೀರು ಸಾಲದಿದ್ದರೆ ಕರಟುತ್ತವೆ.

ಈಗಾಗಲೇ ಮನೆಯ ಗೋಡೆಗೆ ಅಂಟುಬಳ್ಳಿ ಹಬ್ಬಿಬಿಟ್ಟಿದ್ದರೆ ಹಸಿಯಿರುವಾಗ ಜಗ್ಗಬಾರದು. ಬುಡದಲ್ಲಿ ಕತ್ತರಿಸಿ ಕೆಲವು ವಾರ ಹಾಗೆಯೇ ಬಿಡಬೇಕು. ಬಳ್ಳಿ ಒಣಗಿದಂತೆ ಬೇರುಗಳು ಪೆಡಸಾಗಿ ಹಿಡಿತ ಕಳೆದುಕೊಳ್ಳುತ್ತವೆ. ಆಮೇಲೆ ಕತ್ತರಿಯಿಂದ ಗೇಣುದ್ದದ ತುಂಡು ಮಾಡಿ, ಒಂದೊಂದನ್ನೇ ಗೋಡೆಗೆ ಸಮಾನಾಂತರವಾಗಿ ಸರಿಸಿ ಬಿಡಿಸಬೇಕು. ಉಳಿದ ಬೇರಿಗೆ ನೀರು ಮತ್ತು ಗಟ್ಟಿ ಬ್ರಷ್ ಸಾಕು.

ಬಳ್ಳಿಗಿಂತ ಹೆಚ್ಚು ಗೋಡೆ ಕೆಡಿಸುವುದು ಬಳ್ಳಿಗೆ ಹಾಕುವ ನೀರು. ಗೋಡೆಯ ಬುಡಕ್ಕೇ ಗಿಡ ನೆಟ್ಟು ಬೇಸಿಗೆಯುದ್ದಕ್ಕೂ ದಿನಾ ಎರಡು ಕೊಡ ಸುರಿದರೆ ಆ ತೇವ ಇಟ್ಟಿಗೆಯಲ್ಲಿ ಮೇಲೇರುತ್ತದೆ, ಮಣ್ಣಿನ ಉಪ್ಪನ್ನೂ ಜೊತೆಗೆ ಒಯ್ಯುತ್ತದೆ. ನೀರು ಆರಿದ ಮೇಲೆ ಉಪ್ಪು ಗಿಲಾವಿನೊಳಗೆ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಒಳಗಡೆ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರಿದರೆ ಅದು ಬೇರಿನ ಕೆಲಸವಲ್ಲ, ಉಪ್ಪಿನದು.

ಕಪ್ಪುಮಣ್ಣಿನ ಊರುಗಳಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಕಲಬುರಗಿ, ವಿಜಯಪುರ, ಗದಗ, ಹುಬ್ಬಳ್ಳಿ ಸೀಮೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಾಯಿಬಿಡುತ್ತದೆ. ಮನೆಯ ಮೂರು ಕಡೆ ಮಣ್ಣು ಒಣಗಿ ಕುಗ್ಗಿರುವಾಗ ಪಶ್ಚಿಮದ ಕಡೆ ಮಾತ್ರ ದಿನವೂ ನೀರುಂಡು ಉಬ್ಬಿ ನಿಂತರೆ ಪಾಯ ಒಂದು ಮಗ್ಗುಲಿಗೆ ಎತ್ತಿದಂತಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಓಡುವ ಬಿರುಕು ಇದರ ಗುರುತು. ಆ ಬಿರುಕಿಗೆ ನಾಣ್ಯದ ಅಂಚು ಹೊಕ್ಕುವಂತಿದ್ದರೆ, ಮಳೆಗಾಲಕ್ಕೂ ಬೇಸಿಗೆಗೂ ಅದರ ಅಗಲ ಬದಲಾಗುತ್ತಿದ್ದರೆ, ಗಿಲಾವಿನ ತೇಪೆಯಿಂದ ಪ್ರಯೋಜನವಿಲ್ಲ. ನೀರಿನ ಜಾಗವನ್ನೇ ಬದಲಿಸಬೇಕು.

ಆದ್ದರಿಂದ ಬಯಲುಸೀಮೆಯ ಮನೆಗೆ ಒಪ್ಪುವುದು ಗೋಡೆಯಿಂದ ದೂರ ನಿಂತ ಚೌಕಟ್ಟು. ನಮ್ಮ ಹಿತ್ತಿಲುಗಳಲ್ಲಿ ಹೀರೆಗೆ, ಚಪ್ಪರದವರೆಗೆ ಹಾಕುತ್ತಿದ್ದ ಹಂದರವನ್ನೇ ಎಬ್ಬಿಸಿ ಗೋಡೆಯ ಮುಂದೆ ನಿಲ್ಲಿಸಿದರೆ ಹೇಗೋ ಹಾಗೆ. ಬಳ್ಳಿ ಗೋಡೆ ಮುಟ್ಟುವುದಿಲ್ಲ, ನಡುವಿನ ಸಂದಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ, ಬಣ್ಣ ಹೊಡೆಯುವವರ ಕೈ ಒಳಗೆ ಹೋಗುತ್ತದೆ.

ಮೇಲೆ ಲೆಕ್ಕಕ್ಕೆ ಹಿಡಿದ ಇಪ್ಪತ್ತು ಅಡಿ ಗೋಡೆಗೇ ಇದನ್ನು ಕಟ್ಟುವುದಾದರೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ನಾಲ್ಕು ಜಿಐ ಪೈಪಿನ ಕಂಬಗಳು ಬೇಕಾಗುತ್ತವೆ. ಎರಡು ಕಂಬಗಳ ನಡುವೆ ಆರೂವರೆ ಅಡಿ ಚಿಲ್ಲರೆ ಅಂತರ. ಪ್ರತಿ ಕಂಬಕ್ಕೂ ಎರಡು ಅಡಿ ಆಳದ ಕಾಂಕ್ರೀಟ್ ಗುಂಡಿ. ಇಷ್ಟು ಗಟ್ಟಿ ಏಕೆ ಬೇಕೆಂದರೆ, ಇನ್ನೂರು ಚದರ ಅಡಿ ತುಂಬ ಹಬ್ಬಿ ಮಳೆಯಲ್ಲಿ ನೆಂದ ಬಳ್ಳಿ ಎರಡು ಕ್ವಿಂಟಲ್ ತೂಗಬಹುದು. ಅದರ ಮೇಲೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೊದಲು ಬೀಸುವ ಬಿರುಗಾಳಿಗೆ ಇಡೀ ಪರದೆ ಹಡಗಿನ ಹಾಯಿಯಂತೆ ಉಬ್ಬುತ್ತದೆ. ಕಂಬಗಳ ತಲೆಯನ್ನು ಗೋಡೆಗೆ ಬಿಗಿಯಬೇಕಾದರೆ ಬೋಲ್ಟು ಹೋಗಬೇಕಾದದ್ದು ಕಾಂಕ್ರೀಟ್ ಬೀಮಿಗೆ ಅಥವಾ ಕಾಲಮ್ಮಿಗೆ. ಗಿಲಾವಿಗೆ ಹೊಡೆದ ಮೊಳೆ ಒಂದೇ ಗಾಳಿಗೆ ತೇಪೆಯ ಸಮೇತ ಕೈಗೆ ಬರುತ್ತದೆ, ಬಿಟ್ಟ ತೂತಿನಲ್ಲಿ ಮಳೆನೀರು ಇಳಿಯುತ್ತದೆ.

ಕಂಬಗಳ ನಡುವೆ ನಾಲ್ಕಿಂಚು ಕಣ್ಣಿನ ಜಿಐ ವೆಲ್ಡ್ ಮೆಶ್ ಕಟ್ಟಿದರೆ ಸುತ್ತುವ ಬಳ್ಳಿಗೂ ಕುಡಿಚಾಚುವ ಬಳ್ಳಿಗೂ ನಡೆಯುತ್ತದೆ. ನೆಲದಿಂದ ಒಂದೂವರೆ ಅಡಿ ಮೆಶ್ ಬೇಡ. ಅಲ್ಲಿ ಖಾಲಿ ಇದ್ದರೆ ಗಾಳಿಗೆ ದಾರಿ, ಕಸ ಗುಡಿಸಲು ಅನುಕೂಲ, ಹುಳಹುಪ್ಪಟೆ ಸೇರಿದರೆ ಕಣ್ಣಿಗೂ ಬೀಳುತ್ತದೆ.

ಗಿಡ ನೆಲಕ್ಕಲ್ಲ, ಡ್ರಮ್ಮಿಗೆ. ಇನ್ನೂರು ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅಡ್ಡಕ್ಕೆ ಕತ್ತರಿಸಿದರೆ ನೂರು ಲೀಟರಿನ ನಾಲ್ಕು ತೊಟ್ಟಿಗಳಾಗುತ್ತವೆ. ತಳಕ್ಕೆ ತೂತು ಕೊರೆದು, ಇಟ್ಟಿಗೆ ಚೂರು ಹಾಕಿ, ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಪರದೆಯ ಹೊರಮಗ್ಗುಲಿಗೆ ಇಡಬೇಕು. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಇದ್ದರೆ ಸೋರಿದ ನೀರು ಪಾಯದಿಂದ ದೂರ ಹರಿದುಹೋಗುತ್ತದೆ. ಪಶ್ಚಿಮದ ಬಿಸಿಲಿಗೆ ಡ್ರಮ್ಮೂ ಕಾದು ಬೇರು ಬೇಯುತ್ತದೆ. ಅದಕ್ಕೆ ಗೋಣಿಚೀಲ ಸುತ್ತಬೇಕು ಅಥವಾ ಸುಣ್ಣ ಬಳಿಯಬೇಕು. ಎಷ್ಟೋ ಕಡೆ ಬಳ್ಳಿ ಏಳದೆ ಹೋಗುವುದು ಈ ಒಂದು ಕಾರಣಕ್ಕೆ. ತೇವ ಇದ್ದೂ ಗಿಡ ಮಧ್ಯಾಹ್ನ ಜೋಲು ಬಿದ್ದು ಬೆಳಿಗ್ಗೆ ಚೇತರಿಸಿಕೊಳ್ಳುತ್ತಿದ್ದರೆ ಮೊದಲು ಡ್ರಮ್ಮಿನ ಮೈ ಮುಟ್ಟಿ ನೋಡಬೇಕು.

ನೀರಿನ ಲೆಕ್ಕವನ್ನು ಬಿಸಿಲಿನ ಲೆಕ್ಕದಷ್ಟೇ ಗಂಭೀರವಾಗಿ ಹಾಕಬೇಕು. ಪೂರ್ತಿ ಹಬ್ಬಿದ ಇಷ್ಟು ದೊಡ್ಡ ಪರದೆಗೆ ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ 45-50 ಲೀಟರ್ ಬೇಕಾದೀತು. ಡ್ರಮ್ಮಿಗೆರಡರಂತೆ, ತಾಸಿಗೆ 4 ಲೀಟರ್ ಹನಿಸುವ ಎಂಟು ಡ್ರಿಪ್ಪರ್‌ಗಳನ್ನು ಒಂದೂವರೆ ತಾಸು ಬಿಟ್ಟರೆ 48 ಲೀಟರ್ ಆಗುತ್ತದೆ. ತರಕಾರಿ ತೊಳೆದ ನೀರು, ಸೋಪು ಕಡಿಮೆ ಇರುವ ಸ್ನಾನದ ನೀರು ನಡೆಯುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಮಾತ್ರ ಡ್ರಮ್ಮಿಗೆ ದಿನಾ ಹಾಕಬಾರದು. ಅದರ ಉಪ್ಪು ಮಣ್ಣಿನಲ್ಲೇ ಉಳಿದು ಎಲೆಯ ಅಂಚು ಸುಟ್ಟಂತಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಮನೆಗೆ ಈ 48 ಲೀಟರ್ ಸಣ್ಣ ಮಾತಲ್ಲ. ಅಂಥಲ್ಲಿ ಬಿದಿರಿನ ತಟ್ಟಿಯೋ ನೆರಳುಬಲೆಯೋ ಬಳ್ಳಿಗಿಂತ ಸರಿಯಾದ ಆಯ್ಕೆ.

ಬಳ್ಳಿಯನ್ನು ಆರಿಸುವಾಗ ನರ್ಸರಿಯವರು ಹೂವಿನ ಬಣ್ಣ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆಯದು: ಮಾರ್ಚ್‌ನಿಂದ ಮೇ ಕೊನೆಯವರೆಗೆ ಇದರ ಮೈಮೇಲೆ ಎಲೆ ಇರುತ್ತದೆಯೇ? ಮನೆಮನೆಯಲ್ಲೂ ಇರುವ ಅಮೃತಬಳ್ಳಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮಳೆಗಾಲದಲ್ಲಿ ಹಸಿರು ಗೋಡೆಯಾಗಿ ನಿಲ್ಲುವ ಅದು ಬೇಸಿಗೆ ಬರುತ್ತಿದ್ದಂತೆ ಎಲೆ ಉದುರಿಸಿ ಹಗ್ಗದ ಸುರುಳಿಯಾಗಿಬಿಡುತ್ತದೆ. ಚಪ್ಪರದವರೆಯ ಕತೆಯೂ ಅದೇ. ಮಳೆಗಾಲದಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಕಾಯಿ ಬಿಟ್ಟು, ಬಿಸಿಲೇರುವ ಹೊತ್ತಿಗೆ ಮುಗಿದುಹೋಗುತ್ತದೆ. ವೀಳ್ಯದೆಲೆಗೆ ತಾನೇ ನೆರಳಲ್ಲಿ ಇರಬೇಕು, ಇನ್ನೊಬ್ಬರಿಗೆ ನೆರಳು ಕೊಡುವುದು ಅದರಿಂದ ಆಗದು. ಕೊಡಗು, ಬೆಂಗಳೂರುಗಳಲ್ಲಿ ಸೊಗಸಾಗಿ ಬರುವ ಪ್ಯಾಶನ್ ಫ್ರೂಟ್ ಕಲಬುರಗಿಯ ಬಿಸಿಲಿಗೆ ಸೊರಗುತ್ತದೆ.

ಬಿಸಿಲುಸೀಮೆಗೆ ಒಗ್ಗುವವುಗಳಲ್ಲಿ ಮಧುಮಾಲತಿ ಮುಂದಿದೆ. ರಂಗೂನ್ ಕ್ರೀಪರ್ ಎಂದೂ ಕರೆಯುವ ಈ ಬಳ್ಳಿ ನೀರು ಸಿಕ್ಕರೆ ಬೇಸಿಗೆಯಲ್ಲೂ ಎಲೆ ತುಂಬಿಕೊಂಡಿರುತ್ತದೆ. ಸಂಜೆ ಬಿಳಿಯಾಗಿ ಅರಳಿ ಮುಂದೆ ಗುಲಾಬಿ, ಕೆಂಪಿಗೆ ತಿರುಗುವ ಹೂಗೊಂಚಲು, ರಾತ್ರಿಯ ಪರಿಮಳ ಅದರ ಜೊತೆಗೆ ಬರುವ ಲಾಭ. ಕಾಂಡ ದಪ್ಪವಾಗಿ ತೂಕ ಹೆಚ್ಚುತ್ತದೆ ಎಂಬುದೊಂದೇ ಎಚ್ಚರ. ನೀರು ಕಡಿಮೆ ಇರುವಲ್ಲಿ ಬೋಗನ್‌ವಿಲ್ಲಾ ತಾಳಿಕೊಳ್ಳುತ್ತದೆ. ಆದರೆ ಅದು ನೀರಿಲ್ಲದಾಗ ಹೂ ಹೆಚ್ಚಿಸಿ ಎಲೆ ಕಡಿಮೆ ಮಾಡುವ ಗಿಡ, ನೋಟಕ್ಕೆ ಚಂದವಿದ್ದರೂ ನೆರಳು ತೆಳು. ತೊಂಡೆ ಬಹುವಾರ್ಷಿಕ, ಕಾಂಡದ ತುಂಡಿನಿಂದ ಬರುತ್ತದೆ, ಅಡುಗೆಮನೆಗೂ ಒದಗುತ್ತದೆ. ಗುಲಾಬಿ ಹೂವಿನ ಆಂಟಿಗೊನಾನ್ ಬಿಸಿಲಿಗೆ ಜಗ್ಗದು, ಜೇನಿಗೂ ಪ್ರಿಯ. ನೆಲಕ್ಕೆ ಇಳಿದರೆ ಗೆಡ್ಡೆಯಿಂದ ಮತ್ತೆ ಮತ್ತೆ ಎದ್ದು ಬಂದು ಪಕ್ಕದ ಜಾಗವನ್ನೆಲ್ಲ ಆವರಿಸುವುದರಿಂದ ಅದು ಡ್ರಮ್ಮಿನಲ್ಲೇ ಇರಬೇಕು. ಮಹಡಿಯ ಪ್ಯಾರಪೆಟ್‌ನಿಂದ ಕೆಳಕ್ಕೆ ಇಳಿಬಿಡುವ ಕರ್ಟನ್ ಕ್ರೀಪರ್ ಬೆಂಗಳೂರಿನಲ್ಲಿ ಜನಪ್ರಿಯ. ಅದರ ಹಸಿರು ಜಡೆಗಳು ಚಂದವೇ, ಆದರೆ ಹಸಿ ಮಣ್ಣಿನ ತೊಟ್ಟಿಯ ಭಾರ ಮತ್ತು ಸೋರುವ ನೀರು ಮಾಳಿಗೆಯ ಅಂಚಿಗೆ ಬೀಳುತ್ತದೆ. ಸಜ್ಜೆಯ ಮೇಲೆ ಅಂಥ ತೊಟ್ಟಿ ಇಡುವುದಂತೂ ಅಪಾಯ.

ಮಲೆನಾಡು, ಕರಾವಳಿಯ ಮಾತೇ ಬೇರೆ. ಅಲ್ಲಿ ಪಶ್ಚಿಮದ ಗೋಡೆಗೆ ಬಿಸಿಲಿಗಿಂತ ಹೊಡೆತ ಕೊಡುವುದು ಎರಚಲು ಮಳೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ, ತೆಂಗಿನ ಮಡಲಿನ ತಟ್ಟಿಗಳನ್ನು ಗೋಡೆಯ ಮುಂದೆ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚುವ ಪದ್ಧತಿಯಲ್ಲಿ ದೊಡ್ಡ ತಿಳಿವಳಿಕೆ ಇತ್ತು: ಗೋಡೆ ಒಣಗಲು ಅದಕ್ಕೆ ಬಿಡುವು ಸಿಗುತ್ತಿತ್ತು. ನಾಲ್ಕು ತಿಂಗಳು ಆರದ ಗೋಡೆಗೆ ಬಳ್ಳಿಯನ್ನು ಅಂಟಿಸಿದರೆ ಆ ಬಿಡುವು ತಪ್ಪುತ್ತದೆ.

ಕಲಬುರಗಿಯ ಪರದೆಗೆ ಮರಳಿದರೆ, ಮಧುಮಾಲತಿ ನೆಟ್ಟ ಮೊದಲ ಬೇಸಿಗೆಗೆ ನೆರಳು ಕೊಡುವುದಿಲ್ಲ. ಪೂರ್ತಿ ಹಬ್ಬಲು ಎರಡು ವರ್ಷವಾದರೂ ಬೇಕು. ಆ ಮೊದಲ ಬೇಸಿಗೆಗೆ ಹೀರೆ ಇದೆ. ಜನವರಿ ಕೊನೆಯ ವಾರ ಪ್ರತಿ ಡ್ರಮ್ಮಿನ ಅಂಚಿಗೆ ಎರಡೆರಡು ಹೀರೆ ಬೀಜ ಊರಿದರೆ ಮಾರ್ಚ್ ಕೊನೆಯ ಹೊತ್ತಿಗೆ ಅಗಲ ಎಲೆಗಳು ಮೆಶ್ ತುಂಬತೊಡಗುತ್ತವೆ. ಸಂಜೆಯಾಗುತ್ತಲೇ ಹಳದಿ ಹೂ ಬಿಡುತ್ತದೆ, ಕಾಯಿಯೂ ಬರುತ್ತದೆ. ಮೇ ಕೊನೆಗೆ ಅದರ ಆಯುಸ್ಸು ಮುಗಿಯುತ್ತದೆ, ಅಷ್ಟರಲ್ಲಿ ಬಿಸಿಲಿನ ಕಾಲವೂ ಮುಗಿದಿರುತ್ತದೆ. ಎರಡನೆಯ ವರ್ಷ ಮಧುಮಾಲತಿ ಅರ್ಧ ಏರಿರುವಾಗ ಹೀರೆ ಇನ್ನರ್ಧವನ್ನು ನೋಡಿಕೊಳ್ಳುತ್ತದೆ.

ಪರದೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಂಜೆ ನಾಲ್ಕಕ್ಕೆ ಸಂದಿನಲ್ಲಿ ಇಣುಕಿ ಗೋಡೆಯನ್ನು ನೋಡಬೇಕು. ಬಿಸಿಲಿನ ಚುಕ್ಕೆಗಳು ಗೋಡೆಯ ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಎಲೆ ಸಾಲದು. ಸಾಮಾನ್ಯವಾಗಿ ಬಳ್ಳಿ ತುದಿಯಲ್ಲಿ ಪೊದೆಯಾಗಿ ಕೆಳಗೆ ಬೋಳಾಗುತ್ತದೆ. ಎಳೆಯ ಬಳ್ಳಿಯ ತುದಿಯನ್ನು ಎದೆಮಟ್ಟದಲ್ಲಿ ಒಮ್ಮೆ ಚಿವುಟಿ, ಬಂದ ಕವಲುಗಳನ್ನು ಅಡ್ಡಕ್ಕೆ ಎಳೆದು ಕಟ್ಟಿದರೆ ಕೆಳಗೂ ತುಂಬುತ್ತದೆ. ರಾತ್ರಿ ಒಂಬತ್ತಕ್ಕೆ ಒಳಗೋಡೆಗೆ ಅಂಗೈ ಇಟ್ಟು, ಪರದೆ ಇಲ್ಲದ ಜಾಗಕ್ಕೂ ಇರುವ ಜಾಗಕ್ಕೂ ಹೋಲಿಸಿ ನೋಡುವುದು ಎರಡನೆಯ ಪರೀಕ್ಷೆ.

ಜೋರಾಗಿ ಕತ್ತರಿಸುವ ಕೆಲಸ ಫೆಬ್ರವರಿಯಲ್ಲಿ ಬೇಡವೇ ಬೇಡ. ಚೊಕ್ಕವಾಗಲಿ ಎಂದು ಯುಗಾದಿಗೆ ಮುಂಚೆ ಬಳ್ಳಿ ಕಡಿದ ಮನೆಗೆ ಆ ವರ್ಷದ ನೆರಳೇ ಇಲ್ಲ. ಅದಕ್ಕೆ ಸಮಯ ಜೂನ್, ಮೊದಲ ಹದವಾದ ಮಳೆ ಬಿದ್ದ ಮೇಲೆ. ಒಣಗಿದ ಹೀರೆಯನ್ನು ಎಳೆದುಹಾಕಿ, ಮಧುಮಾಲತಿಯ ಉದ್ದ ಕವಲುಗಳನ್ನು ಮೂರರಲ್ಲಿ ಒಂದು ಪಾಲು ತೆಗೆದಾಗ ವರ್ಷಕ್ಕೊಮ್ಮೆ ಗೋಡೆ ಕಣ್ಣಿಗೆ ಬೀಳುತ್ತದೆ. ಕರಣಿಯ ಹಿಡಿ ಹಿಡಿದು ಮತ್ತೊಮ್ಮೆ ತಟ್ಟಿ ನೋಡುವುದು, ಗೋಡೆಯ ಕಡೆಗೆ ಹೊರಳಿದ ಕುಡಿಗಳನ್ನು ಮೆಶ್‌ಗೆ ತಿರುಗಿಸುವುದು, ಹಕ್ಕಿಗಳು ತಂದು ಬಿತ್ತಿದ ಅರಳಿ, ಆಲದ ಸಸಿ ಬಿರುಕಿನಲ್ಲಿ ತಲೆಯೆತ್ತಿದ್ದರೆ ಬೆರಳುದ್ದ ಇರುವಾಗಲೇ ಬೇರು ಸಮೇತ ಕೀಳುವುದು, ಗೆದ್ದಲಿನ ಮಣ್ಣಿನ ಗೆರೆ ಬುಡದಿಂದ ಏರಿದೆಯೇ ಎಂದು ನೋಡುವುದು, ಎಲ್ಲಕ್ಕೂ ಸಿಗುವುದು ಆ ಒಂದು ಬೆಳಗು. ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಹೊಸ ಚಿಗುರು ಮೆಶ್ ಹತ್ತಲು ಶುರುಮಾಡಿರುತ್ತದೆ.